ಮೊದಲು ನೀರು, ಆಮೇಲೆ ಆಕಾಶ: ಪೋಲರೈಸರ್ ಬಳಸುವವರಿಗೆ ಒಂಬತ್ತು ಸೂತ್ರಗಳು

ಪೋಲರೈಸಿಂಗ್ ಫಿಲ್ಟರ್ ಕೊಂಡವರು ಮೊದಲು ಅದನ್ನು ಹಿಡಿಯುವುದು ಆಕಾಶಕ್ಕೆ. ಉಂಗುರ ತಿರುಗಿಸುತ್ತಿದ್ದಂತೆ ನೀಲಿ ಗಾಢವಾಗುತ್ತದೆ, ಬಿಳಿ ಮೋಡ ಎದ್ದು ಕಾಣುತ್ತದೆ. ಮನೆಗೆ ಬಂದು ಚಿತ್ರವನ್ನು ದೊಡ್ಡ ಪರದೆಯಲ್ಲಿ ತೆರೆದಾಗ ಆಕಾಶದ ನಡುವೆ ಒಂದು ಕಪ್ಪು ಪಟ್ಟೆ ಇರುತ್ತದೆ, ಎರಡೂ ಮೂಲೆಗಳು ಬಿಳಿಚಿಕೊಂಡಿರುತ್ತವೆ. ತಪ್ಪು ಫಿಲ್ಟರಿನದೂ ಅಲ್ಲ, ಲೆನ್ಸಿನದೂ ಅಲ್ಲ. ವೈಡ್ ಲೆನ್ಸಿನಲ್ಲಿ ಈ ಫಿಲ್ಟರಿನ ನಿಜವಾದ ಕೆಲಸ ಆಕಾಶದಲ್ಲಿಲ್ಲ, ನೀರಿನಲ್ಲಿದೆ. ನೀರಿಗೆ ಸರಿಯಾಗಿ ತಿರುಗಿಸಲು ಕಲಿತರೆ ಆಕಾಶದ ಕಾಟ ಬಹಳಷ್ಟು ಸಲ ತಾನಾಗಿಯೇ ತಪ್ಪುತ್ತದೆ.

1. ಉಂಗುರಕ್ಕೆ ಕೈ ಹಾಕುವ ಮುನ್ನ ನಿಂತ ಜಾಗ ನೋಡಿ

ಸೂರ್ಯನಿಂದ ಬರುವ ಬೆಳಕಿನ ಕಂಪನ ಎಲ್ಲ ದಿಕ್ಕಿಗೂ ಇರುತ್ತದೆ. ಅದು ನೀರಿನ ಅಥವಾ ಗಾಜಿನ ಮೇಲೆ ಓರೆಯಾಗಿ ಬಿದ್ದು ಪ್ರತಿಫಲಿಸಿದಾಗ, ಆ ಮೇಲ್ಮೈಗೆ ಸಮಾನಾಂತರವಾದ ಕಂಪನವೇ ಹೆಚ್ಚಾಗಿ ಹಿಂದಿರುಗುತ್ತದೆ. ಫಿಲ್ಟರ್ ಒಂದು ದಿಕ್ಕಿನ ಕಂಪನವನ್ನು ಒಳಗೆ ಬಿಟ್ಟು ಅದಕ್ಕೆ ಅಡ್ಡವಾದುದನ್ನು ತಡೆಯುತ್ತದೆ. ಅದರ ಕೆಲಸ ಅಷ್ಟೇ. ಬೆಳಕು ಯಾವ ಕೋನದಲ್ಲಿ ಪ್ರತಿಫಲಿಸುತ್ತಿದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಕೋನ ಸರಿಯಿಲ್ಲದಿದ್ದರೆ ಎಷ್ಟು ದುಬಾರಿ ಫಿಲ್ಟರನ್ನು ಎಷ್ಟು ತಿರುಗಿಸಿದರೂ ಹೊಳಪು ಅಲ್ಲೇ ಇರುತ್ತದೆ.

ಈ ಕೋನದ ಲೆಕ್ಕವನ್ನು 1815ರಲ್ಲಿ ಕೊಟ್ಟವನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್. ಅದನ್ನು ಸೊಗಸಾಗಿ ಬಳಸಿಕೊಂಡವರು ನಮ್ಮ ಸಿ.ವಿ. ರಾಮನ್. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದಾಗ ಅವರು ನಿಕೋಲ್ ಪ್ರಿಸಂ ಹಿಡಿದು ಸಮುದ್ರವನ್ನು ಈ ಕೋನದಲ್ಲಿ ನೋಡಿದರು. ನೀರಿನ ಮೇಲೆ ಬಿದ್ದ ಆಕಾಶದ ಪ್ರತಿಫಲನ ಅಳಿಸಿಹೋಯಿತು, ನೀಲಿ ಮಾತ್ರ ಹೋಗಲಿಲ್ಲ. ಆಳ ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬ ಎಂಬ ಅಂದಿನ ಮಾತನ್ನು ಅವರು ಅಲ್ಲಗಳೆದದ್ದು ಹೀಗೆ. ನಿಮ್ಮ ಲೆನ್ಸಿನ ಮುಂದಿರುವ ಫಿಲ್ಟರ್ ಮಾಡುವುದೂ ಆ ಪ್ರಿಸಂ ಮಾಡಿದ ಕೆಲಸವನ್ನೇ.

2. ನೀರಿಗೆ: ಕಣ್ಣಿನ ಎತ್ತರಕ್ಕೆ ಮೂರನೇ ಒಂದು ಪಾಲು ಸೇರಿಸಿ

ನೀರಿನ ಹೊಳಪು ಪೂರ್ತಿ ಕತ್ತರಿಸಿಹೋಗುವುದು ನೀವು ಸಮತಲಕ್ಕಿಂತ ಸುಮಾರು 37 ಡಿಗ್ರಿ ಕೆಳಗೆ ನೋಡುವಾಗ. ಕೋನಮಾಪಕ ಬೇಕಾಗಿಲ್ಲ. ನೀರಿನಿಂದ ಕ್ಯಾಮೆರಾ ಎಷ್ಟು ಎತ್ತರದಲ್ಲಿದೆಯೋ ಅದನ್ನು 1.33ರಿಂದ ಗುಣಿಸಿ. ಅಷ್ಟು ದೂರದ ನೀರಿನಲ್ಲಿ ಫಿಲ್ಟರಿನ ಪೂರ್ಣ ಪರಿಣಾಮ ಸಿಗುತ್ತದೆ. ಕೆರೆಯ ದಂಡೆಯಲ್ಲಿ ನಿಂತಿದ್ದೀರಿ, ಕ್ಯಾಮೆರಾ 1.6 ಮೀಟರ್ ಎತ್ತರದಲ್ಲಿದೆ ಎನ್ನಿ. ಎರಡು ಮೀಟರಿಗೆ ಚೂರು ಆಚೆಯ ನೀರಿನಲ್ಲಿ ತಳದ ಕಲ್ಲು, ಮೀನಿನ ಬೆನ್ನು ಎಲ್ಲ ಕಾಣುತ್ತವೆ. ಅದೇ ನೀವು ಗುಡ್ಡ ಹತ್ತಿ 30 ಮೀಟರ್ ಮೇಲಿದ್ದರೆ ಆ ಜಾಗ 40 ಮೀಟರ್ ಆಚೆಗೆ ಸರಿಯುತ್ತದೆ.

ಹತ್ತು ಡಿಗ್ರಿ ಆಚೀಚೆಯಾದರೂ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ದೂರದ ನೀರಿನಲ್ಲಿ ಮಾತ್ರ ನಡೆಯುವುದಿಲ್ಲ. 1.6 ಮೀಟರ್ ಎತ್ತರದಿಂದ ಇಪ್ಪತ್ತು ಮೀಟರ್ ಆಚೆಯ ನೀರನ್ನು ನೋಡುವಾಗ ಕೋನ ಐದು ಡಿಗ್ರಿಗಿಂತಲೂ ಕಡಿಮೆ. ಅಲ್ಲಿ ಬಿದ್ದ ಬೆಳಕಿನ ಅರ್ಧಕ್ಕಿಂತ ಹೆಚ್ಚು ಹಾಗೇ ಹಿಂದಿರುಗುತ್ತದೆ, ಎರಡೂ ದಿಕ್ಕಿನ ಕಂಪನ ಅದರಲ್ಲಿ ಧಾರಾಳವಾಗಿರುತ್ತದೆ. ಉಂಗುರ ತಿರುಗಿಸಿದರೂ ಆ ಹೊಳಪು ಹೆಚ್ಚೇನೂ ಬದಲಾಗದು.

ಇದರಿಂದ ಒಂದು ಲಾಭವೂ ಇದೆ. ಆಚೆ ದಡದ ಗುಡಿಯ ಪ್ರತಿಬಿಂಬ ಬೇಕು, ಕಾಲಬುಡದ ನೀರಿನ ತಳವೂ ಕಾಣಬೇಕು ಎಂದರೆ ವೈಡ್ ಲೆನ್ಸ್ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೊಡುತ್ತದೆ. 16 ಎಂಎಂ ಲೆನ್ಸನ್ನು ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅಡ್ಡಲಾಗಿ, ಮಟ್ಟಸವಾಗಿ ಹಿಡಿದರೆ ಚಿತ್ರದ ಕೆಳ ಅಂಚು ಸರಿಯಾಗಿ 37 ಡಿಗ್ರಿ ಕೆಳಗಿರುತ್ತದೆ. ಇನ್ನೂ ಹತ್ತು ಡಿಗ್ರಿ ಬಗ್ಗಿಸಿದರೆ ತಿಳಿನೀರು ಅಂಚಿನಿಂದ ಮೇಲೆದ್ದು ಚಿತ್ರದೊಳಕ್ಕೆ ಬರುತ್ತದೆ, ದೂರದಲ್ಲಿ ಪ್ರತಿಬಿಂಬವೂ ಉಳಿಯುತ್ತದೆ.

ಮಳೆಗಾಲದ ಕೆಂಪು ನೀರಿನಲ್ಲಿ ಇದನ್ನು ನಿರೀಕ್ಷಿಸಬೇಡಿ. ಫಿಲ್ಟರ್ ತೆಗೆಯುವುದು ಮೇಲಿನ ಹೊಳಪನ್ನು. ಕೆಸರನ್ನಲ್ಲ.

3. ಉಂಗುರದ ಮೇಲೆ ಒಂದು ಚುಕ್ಕೆ ಇಡಿ

ಅರ್ಧ ಗಂಟೆ ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ಊಹಿಸುವ ಬದಲು ಮನೆಯಲ್ಲೇ ಈ ಕೆಲಸ ಮುಗಿಸಿ. ಕಿಟಕಿಯ ಬೆಳಕು ಬಿದ್ದು ಹೊಳೆಯುವ ಟೈಲ್ಸ್ ನೆಲವನ್ನು ಓರೆಯಾಗಿ ನೋಡುತ್ತ ಫಿಲ್ಟರನ್ನು ತಿರುಗಿಸಿ. ಹೊಳಪು ಅತಿ ಕಡಿಮೆಯಾದ ಕ್ಷಣದಲ್ಲಿ ನಿಲ್ಲಿಸಿ, ಉಂಗುರದ ನೆತ್ತಿಯಲ್ಲಿ ಬಿಳಿ ನೇಲ್ ಪಾಲಿಶಿನ ಚುಕ್ಕೆ ಇಡಿ. ಚುಕ್ಕೆ ಮೇಲಿದ್ದರೆ ಫಿಲ್ಟರ್ ನೀರಿಗೆ ಸಿದ್ಧ. ಪಕ್ಕಕ್ಕಿದ್ದರೆ ನೆಟ್ಟಗೆ ನಿಂತ ಗಾಜಿಗೆ ಸಿದ್ಧ, ಏಕೆಂದರೆ ಗಾಜನ್ನು ಪಕ್ಕದಿಂದ ನೋಡುವಾಗ ಹೊಳಪಿನ ಕಂಪನವೂ ಮೇಲೆಕೆಳಗೆ ಇರುತ್ತದೆ. ಕ್ಯಾಮೆರಾ ಉದ್ದಕ್ಕೆ ತಿರುಗಿಸಿದಾಗ ಚುಕ್ಕೆಯೂ ತಿರುಗಿಬಿಡುತ್ತದೆ, ಅದನ್ನು ಮತ್ತೆ ಆಕಾಶದ ಕಡೆಗೆ ತನ್ನಿ. ಕಿಟ್ ಲೆನ್ಸುಗಳಲ್ಲಿ ಕೆಲವು ಫೋಕಸ್ ಮಾಡುವಾಗ ಮುಂಭಾಗವೇ ತಿರುಗುವ ಜಾತಿಯವು. ಅವುಗಳಲ್ಲಿ ಮೊದಲು ಫೋಕಸ್, ಆಮೇಲೆ ಫಿಲ್ಟರ್.

ಜಾಗ ಹುಡುಕುವಾಗ ಕ್ಯಾಮೆರಾ ತೆಗೆಯಲೂ ಬೇಕಿಲ್ಲ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಹಾಕಿಕೊಂಡು ದಂಡೆಯಲ್ಲಿ ನಡೆಯಿರಿ. ಅದು ಯಾವಾಗಲೂ ‘ಚುಕ್ಕೆ ಮೇಲೆ’ ಇರುವ ಫಿಲ್ಟರ್.

4. ಗಾಜಿಗೆ: ಒಂದಕ್ಕೆ ಒಂದೂವರೆ

ಅಂಗಡಿಯ ಗಾಜಿನ ಎದುರು ನೇರವಾಗಿ ನಿಂತು ಫಿಲ್ಟರ್ ತಿರುಗಿಸಿದರೆ ನಿಮ್ಮ ಮುಖ, ಹಿಂದಿನ ರಸ್ತೆ, ಆಟೋ ಎಲ್ಲವೂ ಹಾಗೇ ಕಾಣುತ್ತಿರುತ್ತವೆ. ಎದುರಿನಿಂದ ಬಂದು ಎದುರಿಗೇ ಹಿಂದಿರುಗುವ ಬೆಳಕಿಗೆ ಧ್ರುವೀಕರಣ ಆಗುವುದಿಲ್ಲ. ಪಕ್ಕಕ್ಕೆ ಸರಿಯಬೇಕು. ಗಾಜಿನಿಂದ ಒಂದು ಮೀಟರ್ ದೂರ ನಿಂತಿದ್ದರೆ, ಗಾಜಿನುದ್ದಕ್ಕೂ ಒಂದೂವರೆ ಮೀಟರ್ ಆಚೆಯ ಬಿಂದುವಿಗೆ ಗುರಿ ಇಡಿ. ಅಲ್ಲಿ ಗಾಜಿಗೂ ನಿಮ್ಮ ನೋಟಕ್ಕೂ ನಡುವೆ 34 ಡಿಗ್ರಿಯಷ್ಟು ಕೋನ ಬರುತ್ತದೆ, ಪ್ರತಿಫಲನ ಕಿತ್ತುಹೋಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಅಷ್ಟು ಓರೆಯಿಂದ ಚಿತ್ರಪಟ ತೆಗೆದರೆ ಚೌಕ ಚೌಕವಾಗಿ ಉಳಿಯುವುದಿಲ್ಲ. ಗಾಜು ಹಾಕಿದ ಮೈಸೂರು ಶೈಲಿಯ ಚಿತ್ರವನ್ನು ನೇರವಾಗಿಯೇ ತೆಗೆಯಬೇಕಾದರೆ ಫಿಲ್ಟರನ್ನು ನಂಬಬೇಡಿ. ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಹಿಡಿಸಿ, ಗಾಜಿನಲ್ಲಿ ಕಾಣಲು ಏನೂ ಇಲ್ಲದಂತೆ ಮಾಡಿ. ಮೀನಿನ ತೊಟ್ಟಿಗಾದರೆ ಲೆನ್ಸಿನ ರಬ್ಬರ್ ಹುಡ್ಡನ್ನು ಗಾಜಿಗೇ ಒತ್ತಿ. ಓರೆಯಿಂದ ತೆಗೆಯಬಹುದಾದ ಬೇಕರಿಯ ಶೋಕೇಸು, ಬಟ್ಟೆಯಂಗಡಿಯ ಬೊಂಬೆ, ನಿಂತ ಕಾರಿನೊಳಗಿನ ಮುಖ ಇವೆಲ್ಲ ಫಿಲ್ಟರಿನ ಪಾಲಿಗೆ ಬಿಡಿ.

ವೈಡ್ ಲೆನ್ಸಿನ ರಗಳೆ ಇಲ್ಲಿಯೂ ಇದೆ. ಉದ್ದನೆಯ ಗಾಜಿನ ಒಂದು ಭಾಗ ಮಾತ್ರ ಸರಿಯಾದ ಕೋನದಲ್ಲಿರುತ್ತದೆ, ಉಳಿದ ಕಡೆ ಹೊಳಪು ಹಾಗೇ ಇರುತ್ತದೆ. ಗಾಜಿಗೆ 50 ಎಂಎಂ ಅಥವಾ ಅದಕ್ಕಿಂತ ಉದ್ದದ ಲೆನ್ಸ್ ಒಳ್ಳೆಯದು.

5. ಕೆಲವು ಹೊಳಪಿನೊಂದಿಗೆ ಜಗಳಕ್ಕೆ ಹೋಗಬೇಡಿ

ಲೋಹದ ಲೇಪವಿರುವ ಕಚೇರಿ ಕಟ್ಟಡಗಳ ಕನ್ನಡಿಗಾಜು, ಸ್ಟೀಲ್ ಪಾತ್ರೆ, ಕಾರಿನ ಕ್ರೋಮ್ ಪಟ್ಟಿ: ಲೋಹದಿಂದ ಬರುವ ಪ್ರತಿಫಲನ ಈ ಫಿಲ್ಟರಿಗೆ ಬಗ್ಗುವುದಿಲ್ಲ. ಕಾರಿನ ಹಿಂದಿನ ಗಾಜಿನಲ್ಲಿ ಹೊಳಪು ಹೋಗಿ ಅದರ ಬದಲು ಚುಕ್ಕೆ ಚುಕ್ಕೆಯ ವಿನ್ಯಾಸ ಮೂಡಿದರೆ ಬೆಚ್ಚಬೇಡಿ. ಕಾಯಿಸಿ ತಟ್ಟನೆ ತಣಿಸಿದ ಗಾಜಿನೊಳಗಿನ ಒತ್ತಡ ಅದು. ವಿಮಾನದ ಕಿಟಕಿಯ ಪ್ಲಾಸ್ಟಿಕ್ಕಿನಲ್ಲೂ ಕಾಮನಬಿಲ್ಲಿನ ಬಣ್ಣದ ಪಟ್ಟೆಗಳು ಏಳುತ್ತವೆ, ಹಾರುವಾಗ ಫಿಲ್ಟರ್ ಕಳಚಿಡಿ.

ನಿಜವಾದ ಕಾಮನಬಿಲ್ಲಿನ ಕತೆಯೇ ಬೇರೆ. ಜೋಗದ ತುಂತುರಿನಲ್ಲಿ ಕಾಣುವ ಬಿಲ್ಲಿನ ಬೆಳಕು ಬಹುಮಟ್ಟಿಗೆ ಧ್ರುವೀಕೃತ. ಉಂಗುರವನ್ನು ಒಂದು ಕಡೆ ತಿರುಗಿಸಿದರೆ ಬಣ್ಣ ಉಜ್ವಲವಾಗುತ್ತದೆ, ಅಲ್ಲಿಂದ ಕಾಲು ಸುತ್ತು ತಿರುಗಿಸಿದರೆ ಎದುರಿನ ಬಿಲ್ಲೇ ಅಳಿಸಿಹೋಗುತ್ತದೆ.

6. ಆಕಾಶದ ಪಟ್ಟೆ ಎಲ್ಲಿದೆ ಎಂದು ಕೈಯಿಂದ ಅಳೆಯಿರಿ

ಗಾಳಿಯ ಕಣಗಳು ಚದುರಿಸಿದ ಸೂರ್ಯನ ಬೆಳಕೇ ನೀಲಿ ಆಕಾಶ. ಸೂರ್ಯನಿಂದ ಸರಿಯಾಗಿ 90 ಡಿಗ್ರಿ ದೂರದಲ್ಲಿ ಅದರ ಧ್ರುವೀಕರಣ ಗರಿಷ್ಠ. ಸೂರ್ಯನ ಹತ್ತಿರವೂ ಸೂರ್ಯನಿಗೆ ಬೆನ್ನು ಹಾಕಿದ ದಿಕ್ಕಿನಲ್ಲೂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ತೋರುಬೆರಳನ್ನು ಸೂರ್ಯನ ಕಡೆ ಚಾಚಿ, ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ಹಿಡಿದು ಮಣಿಕಟ್ಟನ್ನು ತಿರುಗಿಸಿ. ಹೆಬ್ಬೆರಳು ಆಕಾಶದಲ್ಲಿ ಎಳೆಯುವ ಕಮಾನೇ ಫಿಲ್ಟರ್ ಕಪ್ಪಾಗಿಸುವ ಪಟ್ಟೆ.

ಲೆನ್ಸ್ ಅಗಲವಾದಷ್ಟೂ ಚಿತ್ರ ಈ ಪಟ್ಟೆಯನ್ನು ದಾಟಿ ಆಚೀಚೆಯ ಮಂಕು ಭಾಗಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಪಟ್ಟೆ ಚಿತ್ರದ ನಡುವೆ ಇದೆ, ಅಲ್ಲಿಯ ಧ್ರುವೀಕರಣ 100 ಎಂದಿಟ್ಟುಕೊಳ್ಳೋಣ. ಪಕ್ಕದ ಅಂಚುಗಳಲ್ಲಿ 50 ಎಂಎಂ ಲೆನ್ಸಿನಲ್ಲಿ ಅದು ಸುಮಾರು 80, 35 ಎಂಎಂನಲ್ಲಿ 65, 24 ಎಂಎಂನಲ್ಲಿ 47. 16 ಎಂಎಂಗೆ ಬಂದರೆ 30ಕ್ಕೂ ಕೆಳಗೆ. ಇದು ಶುಭ್ರ ಗಾಳಿಯ ಲೆಕ್ಕ, ಫುಲ್ ಫ್ರೇಮ್ ಕ್ಯಾಮೆರಾದ್ದು. ನನ್ನ ಮಟ್ಟಿಗೆ ಗೆರೆ 35 ಎಂಎಂ. ಅದಕ್ಕಿಂತ ಅಗಲವಾದ ಲೆನ್ಸಿನಲ್ಲಿ ಆಕಾಶಕ್ಕೆಂದೇ ಫಿಲ್ಟರ್ ತಿರುಗಿಸುವುದಿಲ್ಲ. ಎಪಿಎಸ್-ಸಿ ಕ್ಯಾಮೆರಾದವರಿಗೆ ಈ ಗೆರೆ 23 ಎಂಎಂ ಹತ್ತಿರ. ಫೋನಿನ ಮುಂದೆ ಫಿಲ್ಟರ್ ಹಿಡಿಯುವವರಿಗೆ ಮುಖ್ಯ ಕ್ಯಾಮೆರಾವೇ ಸಾಕಷ್ಟು ಅಗಲ, ಅಲ್ಟ್ರಾ ವೈಡ್ ಬೇಡವೇ ಬೇಡ.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಪಟ್ಟೆ ಕಾಣದೆ ಹೋಗಬಹುದು. ಪಿಕ್ಚರ್ ಸ್ಟೈಲನ್ನು ಕಪ್ಪು-ಬಿಳುಪಿಗೆ ಬದಲಿಸಿ ಒಂದು ಚಿತ್ರ ತೆಗೆಯಿರಿ, ಬಣ್ಣದ ಮೋಡಿ ಇಲ್ಲದಾಗ ಕಪ್ಪು ಕಲೆ ಎದ್ದು ತೋರುತ್ತದೆ. ರಾ ಫೈಲಿನಲ್ಲಿ ಬಣ್ಣ ಹೇಗಿದ್ದರೂ ಉಳಿದಿರುತ್ತದೆ.

7. ಬೆಳಗಿನ ಬಾದಾಮಿ: ನೀರಿಗೆ ತಿರುಗಿಸಿ, ಆಕಾಶವನ್ನು ಬಿಟ್ಟುಬಿಡಿ

ಈಗ ಎಲ್ಲವನ್ನೂ ಒಂದು ಜಾಗಕ್ಕೆ ತರೋಣ. ಬಾದಾಮಿಯ ಅಗಸ್ತ್ಯತೀರ್ಥ. ಗುಹಾಲಯಗಳಿರುವ ದಕ್ಷಿಣದ ಕಡೆಯ ದಂಡೆಯಲ್ಲಿ ನಿಂತು ಉತ್ತರಕ್ಕೆ ಮುಖ ಮಾಡಿದ್ದೀರಿ. ಎದುರಿಗೆ ನೀರು, ಅದರಾಚೆ ಉತ್ತರದ ಕೆಂಪು ಬಂಡೆ, ಮೇಲೆ ಖಾಲಿ ನೀಲಿ. ಮಾರ್ಚ್ ಮೂರನೇ ವಾರ, ಸೂರ್ಯ ಹುಟ್ಟಿ ಒಂದು ಗಂಟೆಯಾಗಿದೆ. ಸೂರ್ಯ ನೇರ ಪೂರ್ವದಲ್ಲಿ, ಅಂದರೆ ನಿಮ್ಮ ಬಲಕ್ಕೆ, 15 ಡಿಗ್ರಿಯಷ್ಟು ಮೇಲಿದ್ದಾನೆ. ಕೈಯಲ್ಲಿ 16 ಎಂಎಂ.

ಹೆಬ್ಬೆರಳಿನಿಂದ ಅಳೆದರೆ ಗರಿಷ್ಠ ಪಟ್ಟೆ ಉತ್ತರದ ದಿಗಂತದಿಂದ ಮೇಲೆದ್ದು ಸ್ವಲ್ಪ ಎಡಕ್ಕೆ ವಾಲಿ ನಿಂತಿದೆ, ಬಹುತೇಕ ನಿಮ್ಮ ಚಿತ್ರದ ನಟ್ಟನಡುವೆ. ಆಕಾಶ ಕಡುನೀಲಿಯಾಗಲಿ ಎಂದು ಉಂಗುರ ತಿರುಗಿಸಿದರೆ ಚುಕ್ಕೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ನಡುವಿನ ಆಕಾಶಕ್ಕೂ ಅಂಚಿಗೂ ಒಂದು ಸ್ಟಾಪಿಗಿಂತ ಹೆಚ್ಚು ವ್ಯತ್ಯಾಸ ಬೀಳುತ್ತದೆ. ಅಷ್ಟೇ ಅಲ್ಲ, ಕೆಳಗೆ ನೋಡಿ: ನೀರು ಹೊಳೆಯುತ್ತಲೇ ಇದೆ. ಈ ಹೊತ್ತಿನಲ್ಲಿ ದಿಗಂತದ ಹತ್ತಿರದ ಆಕಾಶದ ಕಂಪನ ಮೇಲೆಕೆಳಗೆ ಇರುತ್ತದೆ, ನೀರಿನ ಹೊಳಪಿನ ಕಂಪನ ಅಡ್ಡಡ್ಡ ಇರುತ್ತದೆ. ಒಂದನ್ನು ತಡೆಯಲು ಹೋದರೆ ಇನ್ನೊಂದಕ್ಕೆ ಬಾಗಿಲು ತೆರೆದ ಹಾಗೆ.

ಈಗ ಕಾಲು ಸುತ್ತು ತಿರುಗಿಸಿ ಚುಕ್ಕೆಯನ್ನು ಮೇಲಕ್ಕೆ ತನ್ನಿ. ಕಾಲಬುಡದ ನೀರು ತಿಳಿಯಾಗಿ ಮುಳುಗಿದ ಕಲ್ಲು ಕಾಣುತ್ತದೆ. ಆಕಾಶದ ಕಪ್ಪು ಕಲೆಯೂ ಮಾಯವಾಗುತ್ತದೆ. ಚದುರಿದ ಬೆಳಕಿನಲ್ಲಿ ಈ ಮೇಲೆಕೆಳಗಿನ ಕಂಪನ ಸೂರ್ಯನಿಂದ ಎಷ್ಟು ದೂರ ನೋಡಿದರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುತ್ತದೆ. ದಿಕ್ಕಿನಿಂದ ದಿಕ್ಕಿಗೆ ಏರಿಳಿಯುವುದು ಅಡ್ಡ ಕಂಪನ, ಅದನ್ನು ಫಿಲ್ಟರ್ ಈಗ ತಡೆಹಿಡಿದಿದೆ. ಸೂರ್ಯ ತಗ್ಗಿನಲ್ಲಿರುವಾಗ ನೀರಿಗೆ ಬೇಕಾದ ಸ್ಥಾನವೇ ಆಕಾಶವನ್ನು ಸಮವಾಗಿಡುವ ಸ್ಥಾನವೂ ಹೌದು. ನೀಲಿ ತಿಳಿಯಾಗಿರುತ್ತದೆ ಎಂಬುದು ನಿಜ. ಬೆಳಗಿನ ಆಕಾಶ ಇರುವುದೂ ಹಾಗೆಯೇ.

ಅದೇ ದಂಡೆಯಿಂದ ಬಲಕ್ಕೆ ತಿರುಗಿ, ಕೆರೆಯ ಪೂರ್ವದ ದಡದಲ್ಲಿರುವ ಭೂತನಾಥ ಗುಡಿಯನ್ನು ಚಿತ್ರಿಸುವುದಾದರೆ ಸೂರ್ಯನ ಕಡೆಗೇ ನೋಡುತ್ತಿರುತ್ತೀರಿ, ಆಕಾಶದಲ್ಲಿ ಫಿಲ್ಟರಿಗೆ ಮಾಡಲು ಏನೂ ಇಲ್ಲ. ಆ ಗುಡಿಗೆ ಬೆಳಕು ಬೀಳುವುದು ಸಂಜೆ. ಆಗ ಸೂರ್ಯ ಬೆನ್ನ ಹಿಂದೆ ಇರುತ್ತಾನೆ, ಆಗಲೂ ಆಕಾಶ ಕಪ್ಪಾಗುವುದಿಲ್ಲ. ಎರಡೂ ಹೊತ್ತಿನಲ್ಲಿ ಚುಕ್ಕೆ ಮೇಲಿರಲಿ, ಹತ್ತಿರದ ನೀರಿನ ಕೆಲಸವನ್ನಾದರೂ ಅದು ಮಾಡುತ್ತದೆ.

8. ಕಡುನೀಲಿ ಬೇಕೇ ಬೇಕು ಎಂದರೆ ನಡುಹಗಲಿಗೆ ಹೋಗಿ

ಫೋಟೊಗ್ರಾಫರುಗಳು ಊಟಕ್ಕೆ ಹೋಗುವ ಹೊತ್ತು ವೈಡ್ ಲೆನ್ಸಿನ ಆಕಾಶಕ್ಕೆ ಪ್ರಶಸ್ತ. ಸೂರ್ಯ ನೆತ್ತಿಯ ಮೇಲಿದ್ದಾಗ ಅದರಿಂದ 90 ಡಿಗ್ರಿ ದೂರದ ಪಟ್ಟೆ ದಿಗಂತವನ್ನು ಸುತ್ತಲೂ ಬಳಸಿ ಮಲಗಿರುತ್ತದೆ. ಯಾವ ದಿಕ್ಕಿಗೆ ನಿಂತರೂ ಎಡದಿಂದ ಬಲಕ್ಕೆ ಒಂದೇ ಸಮ. ಕಂಪನದ ದಿಕ್ಕೂ ಆಗ ಅಡ್ಡಡ್ಡವಾಗಿ ನೀರಿನ ಹೊಳಪಿನ ಜೊತೆಗೆ ಹೊಂದುತ್ತದೆ. ಚುಕ್ಕೆ ಮೇಲಿಟ್ಟರೆ ನೀರೂ ಆಕಾಶವೂ ಒಟ್ಟಿಗೆ ಗಾಢವಾಗುತ್ತವೆ. ಉಷ್ಣವಲಯದಲ್ಲಿರುವ ನಮಗೆ ಈ ಅನುಕೂಲ ವರ್ಷಕ್ಕೆ ಎರಡು ಸಲ ಪೂರ್ತಿಯಾಗಿ ಸಿಗುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರ ಸೂರ್ಯ ನೆತ್ತಿಗೆ ಬರುತ್ತಾನೆ, ಬಾದಾಮಿಯಲ್ಲಿ ಮೇ ಮೊದಲ ವಾರ ಮತ್ತು ಆಗಸ್ಟ್ ಮೊದಲ ಹತ್ತು ದಿನಗಳೊಳಗೆ. ಆ ದಿನಗಳ ಆಚೀಚೆಯ ವಾರಗಳಲ್ಲೂ ನಡುಹಗಲಿನ ಪಟ್ಟೆ ಹೆಚ್ಚು ವಾಲುವುದಿಲ್ಲ.

ಒಂದು ಎಚ್ಚರಿಕೆ. ದಿಗಂತದ ಧೂಳು, ಮಬ್ಬು ಧ್ರುವೀಕರಣವನ್ನು ಕೆಡಿಸುತ್ತವೆ. ಬೇಸಿಗೆಯ ಧೂಳಿನಲ್ಲಿ ಪರಿಣಾಮ ಸಪ್ಪೆ, ಹಿಂದಿನ ದಿನ ಮಳೆ ಬಿದ್ದಿದ್ದರೆ ಚೆನ್ನ. ಬಂಡೆಯ ಮೇಲೆ ನೆರಳಿಲ್ಲದ ಸಪಾಟು ಬೆಳಕು ಬೀಳುವುದನ್ನೂ ಒಪ್ಪಿಕೊಳ್ಳಬೇಕು. ಬೆಳಗಿನ ಹೊತ್ತಲ್ಲೇ ಸ್ವಲ್ಪ ನೀಲಿ ಹೆಚ್ಚಿಸಲೇಬೇಕು ಎನ್ನುವವರು ಉಂಗುರವನ್ನು ಗರಿಷ್ಠದಿಂದ 30 ಡಿಗ್ರಿ ಹಿಂದಕ್ಕೆ ತಿರುಗಿಸಲಿ, ಪರಿಣಾಮ ಅರ್ಧಕ್ಕಿಳಿಯುತ್ತದೆ, ಕಲೆ ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಹತ್ತಿಯಂಥ ಬಿಳಿ ಮೋಡಗಳಿದ್ದರೆ ಇನ್ನೂ ಒಳ್ಳೆಯದು. ಮೋಡದ ಬೆಳಕಿಗೆ ಧ್ರುವೀಕರಣ ಇಲ್ಲವೆನ್ನುವಷ್ಟು ಕಡಿಮೆ, ಅವು ಪಟ್ಟೆಯನ್ನು ಅಲ್ಲಲ್ಲಿ ಮುರಿಯುತ್ತವೆ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ 24 ಎಂಎಂ ಲೆನ್ಸ್ ಅಗಲದಲ್ಲಿ 53 ಡಿಗ್ರಿ ಮಾತ್ರ ನೋಡುತ್ತದೆ, ಅದೂ ಒಂದು ದಾರಿ. ಹಲವು ಚಿತ್ರ ಜೋಡಿಸಿ ಪನೋರಮಾ ಮಾಡುವಾಗ ಮಾತ್ರ ಇವು ಯಾವುದೂ ನಡೆಯವು. ಪ್ರತಿ ಚಿತ್ರದ ಆಕಾಶವೂ ಬೇರೆ ಬೇರೆಯಾಗಿ, ಜೋಡಿಸಿದ ಮೇಲೆ ಅಲೆ ಅಲೆಯಾಗಿ ಕಾಣುತ್ತದೆ.

9. ಕೊಳ್ಳುವಾಗ, ಹಾಕುವಾಗ

ಸರ್ಕ್ಯುಲರ್ ಪೋಲರೈಸರ್, ಅಂದರೆ ಸಿಪಿಎಲ್ ಕೊಳ್ಳಿ. ಎಸ್‌ಎಲ್‌ಆರ್‌ಗಳ ಆಟೋ ಫೋಕಸಿಗೆ ಅದೇ ಬೇಕು. ಅಸಲಿಯೋ ಎಂದು ಅಂಗಡಿಯ ಕನ್ನಡಿಯ ಎದುರೇ ತಿಳಿಯಬಹುದು. ಲೆನ್ಸಿಗೆ ಸಿಕ್ಕಿಸುವ ಬದಿ ಕನ್ನಡಿಯ ಕಡೆ ಇರುವಂತೆ ಹಿಡಿದು, ಫಿಲ್ಟರಿನ ಮೂಲಕವೇ ಕನ್ನಡಿಯಲ್ಲಿ ಅದರ ಬಿಂಬವನ್ನು ನೋಡಿ. ಬಿಂಬ ಕಪ್ಪಾಗಿ, ತಿರುವಿ ಹಿಡಿದಾಗ ತಿಳಿಯಾಗಿ ಕಂಡರೆ ಅದು ಸರ್ಕ್ಯುಲರ್. ಎರಡೂ ಕಡೆ ತಿಳಿಯಾಗಿಯೇ ಇದ್ದರೆ ಹಣ ಕೊಡಬೇಡಿ.

16 ಎಂಎಂ ಲೆನ್ಸಿಗೆ ತೆಳು ಅಂಚಿನದೇ ಬೇಕು. ಯುವಿ ಫಿಲ್ಟರ್ ಕಳಚಿ ಹಾಕಿ, ಒಂದರ ಮೇಲೊಂದು ಹೇರಿದರೆ ಮೂಲೆಗಳು ಕಪ್ಪಾಗುತ್ತವೆ. ಒಂದರಿಂದ ಎರಡು ಸ್ಟಾಪ್ ಬೆಳಕು ಕಡಿಮೆಯಾಗುತ್ತದೆ ಎಂಬುದನ್ನೂ ಲೆಕ್ಕದಲ್ಲಿಡಿ. 1/125 ಇದ್ದ ಶಟರ್ 1/40ಕ್ಕೆ ಇಳಿಯಬಹುದು, ಕೈ ಅಲುಗುವವರು ಐಎಸ್‌ಒ ಏರಿಸಲಿ.

ಮೋಡ ಮುಸುಕಿದ ಮಲೆನಾಡಿನಲ್ಲಿ ಫಿಲ್ಟರ್ ಕಳಚಬೇಡಿ. ಆಕಾಶ ಬಿಳಿಚಿದ್ದರೂ ಒದ್ದೆ ಎಲೆಗಳ ಮೇಲಿನ ಬಿಳಿ ಹೊಳಪು ಅದಕ್ಕೆ ಸಿಗುತ್ತದೆ, ಎಲ್ಲ ಎಲೆಗಳದ್ದಲ್ಲ, ಸರಿಯಾದ ಕೋನಕ್ಕೆ ತಿರುಗಿದವುಗಳದ್ದು. ಹಸಿರು ಹೊರಬರಲು ಅಷ್ಟು ಸಾಕು. ಕಳಚಬೇಕಾದದ್ದು ಬೇರೆ ಸಂದರ್ಭದಲ್ಲಿ: ಅಗಲ ಲೆನ್ಸ್, ತಗ್ಗಿದ ಸೂರ್ಯ, ಚಿತ್ರದ ತುಂಬ ಖಾಲಿ ನೀಲಿ, ನೀರೂ ಇಲ್ಲ, ಎಲೆಯೂ ಇಲ್ಲ. ಅಂಥ ಚಿತ್ರಕ್ಕೆ ಫಿಲ್ಟರ್ ಬ್ಯಾಗಿನಲ್ಲೇ ಇರಲಿ.